ರಂಗಗೀತೆಯ ಧ್ವನಿಮುದ್ರಣದಿಂದ ಚಪ್ಪಾಳೆ, ಸಿಳ್ಳೆ, ಕೇಕೆಗಳನ್ನು ತೆಗೆಯುವುದು (ಬಳ್ಳಾರಿ ಸೀಮೆ)

ಪ್ರೇಕ್ಷಕರ ಎದುರಿನಲ್ಲಿ ಹಾಡಿದ ಹಾಡನ್ನು ಮುದ್ರಿಸಿಕೊಂಡು, ಅದರ ಮೇಲೆ ಬಿದ್ದಿರುವ ಚಪ್ಪಾಳೆ, ಸಿಳ್ಳೆ, ಕೂಗುಗಳನ್ನು ಆದಷ್ಟು ತಗ್ಗಿಸಿ ಹಾಡಿದವರ ದನಿಯನ್ನು ಉಳಿಸಿಕೊಳ್ಳುವ ಧ್ವನಿಸಂಸ್ಕರಣೆಯ ಕೆಲಸವಿದು. ಬಳ್ಳಾರಿ ನಗರ, ಸಿರುಗುಪ್ಪ ಮತ್ತು ಕುರುಗೋಡು ತಾಲ್ಲೂಕುಗಳಲ್ಲಿ ಪೌರಾಣಿಕ ನಾಟಕ, ಬಯಲಾಟ, ಬುರ್ರಕಥೆಗಳ ಹಾಡುಗಳು ಹೆಚ್ಚಾಗಿ ಉಳಿದಿರುವುದು ಜಾತ್ರೆ, ಹಬ್ಬಗಳ ರಾತ್ರಿ ಯಾರೋ ಕ್ಯಾಸೆಟ್ಟಿನಲ್ಲಿ ಅಥವಾ ಮೊಬೈಲಿನಲ್ಲಿ ಹಿಡಿದಿಟ್ಟ ಮುದ್ರಣಗಳಲ್ಲಿ. ಸ್ಟುಡಿಯೊದಲ್ಲಿ ಹಾಡಿ ಮುದ್ರಿಸಿಕೊಂಡವರು ಕಡಿಮೆ. ಹಾಗಾಗಿ ಇಲ್ಲಿ ಒಬ್ಬ ರಂಗಗಾಯಕಿಯ ದನಿ ಬೇಕೆಂದರೆ ಅದನ್ನು ಜನರ ಗದ್ದಲದೊಳಗಿನಿಂದಲೇ ಬಿಡಿಸಿಕೊಳ್ಳಬೇಕಾಗುತ್ತದೆ.

ಚಪ್ಪಾಳೆ ಎಲ್ಲಿ ಬೀಳುತ್ತದೆ

ತಂತ್ರಕ್ಕೆ ಹೋಗುವ ಮೊದಲು ಈ ಭಾಗದ ಹಾಡುಗಾರಿಕೆಯ ರೀತಿ ತಿಳಿದಿರಬೇಕು. ಗದ್ದಲ ಹಾಡಿನ ಯಾವ ಜಾಗದ ಮೇಲೆ ಬೀಳುತ್ತದೆ ಎಂಬುದನ್ನು ನಿರ್ಧರಿಸುವುದು ಆ ರೀತಿಯೇ.

ಬಳ್ಳಾರಿ 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರುವವರೆಗೆ ಮದ್ರಾಸ್ ಆಡಳಿತದಲ್ಲಿತ್ತು. ಇಲ್ಲಿನ ರಂಗಭೂಮಿ ಕನ್ನಡ, ತೆಲುಗು ಎರಡರಲ್ಲೂ ಬೆಳೆಯಿತು. ಧರ್ಮವರಂ ಕೃಷ್ಣಮಾಚಾರ್ಯರ ಸರಸ ವಿನೋದಿನಿ ಸಭೆ, ಕೋಲಾಚಲಂ ಶ್ರೀನಿವಾಸರಾಯರ ಸುಮನೋರಮಾ ಸಭೆ ಎರಡೂ ಈ ಊರಿನವೇ. ನಟ ಬಳ್ಳಾರಿ ರಾಘವ (1880–1946) ಇಲ್ಲಿಂದಲೇ ಹೊರಟವರು. ತೆಲುಗು ಪದ್ಯನಾಟಕದಲ್ಲಿ ಪದ್ಯ ಮುಗಿಯುವಾಗ ಕೊನೆಯ ಅಕ್ಷರವನ್ನು ಹಿಡಿದು ರಾಗವನ್ನು ಉದ್ದಕ್ಕೆ ಎಳೆಯುವ ರೂಢಿಯಿದೆ. ಆ ಎಳೆತ ಕನ್ನಡ ಕಂದಪದ್ಯಗಳಿಗೂ ರಂಗಗೀತೆಗಳಿಗೂ ಹತ್ತಿಕೊಂಡಿದೆ. ಜನ ಕಾಯುವುದೇ ಆ ಜಾಗಕ್ಕಾಗಿ. ಗಾಯಕಿ ತಾರಷಡ್ಜ ಮುಟ್ಟಿ ನಿಲ್ಲುತ್ತಿದ್ದಂತೆ ಚಪ್ಪಾಳೆ ಶುರುವಾಗುತ್ತದೆ, ಸಿಳ್ಳೆ ಏಳುತ್ತದೆ, ಹಿಂದಿನ ಸಾಲಿನಿಂದ ‘ಒನ್ಸ್ ಮೋರ್’ ಎಂಬ ಕೂಗು ಬರುತ್ತದೆ. ಅಂದರೆ ಹಾಡು ಮುಗಿದ ಮೇಲೆ ಬರುವ ಚಪ್ಪಾಳೆಗಿಂತ, ಹಾಡಿನ ಅತ್ಯುತ್ತಮ ಕ್ಷಣದ ಮೇಲೆಯೇ ಬೀಳುವ ಚಪ್ಪಾಳೆ ಇಲ್ಲಿ ಹೆಚ್ಚು. ಕತ್ತರಿಸಿ ತೆಗೆದರೆ ದನಿಯೂ ಹೋಗುತ್ತದೆ.

ಇದಕ್ಕೆ ಸಮನಾದ ಇನ್ನೊಂದು ತೊಡಕು ಆಯೇರಿ. ಪ್ರೇಕ್ಷಕರು ಪಾತ್ರಧಾರಿಗೆ ಹಣ ಕೊಟ್ಟು ಹೆಸರು ಕೂಗಿಸುವ ಈ ಪದ್ಧತಿಯಲ್ಲಿ ಹಾಡು ನಡೆಯುತ್ತಿರುವಾಗಲೇ ಅದೇ ಧ್ವನಿವರ್ಧಕದಲ್ಲಿ ದಾನಿಯ ಹೆಸರು ಕೇಳಿಬರುತ್ತದೆ. ಗಾಯಕಿಯಷ್ಟೇ ಜೋರಾಗಿ, ಅದೇ ಹಾರ್ನಿನಿಂದ ಬರುವ ಆ ಮಾತನ್ನು ತೆಗೆಯುವುದು ಚಪ್ಪಾಳೆ ತೆಗೆಯುವುದಕ್ಕಿಂತ ಬಹಳ ಕಷ್ಟ.

ಬಯಲಾಟದ ಸ್ಥಿತಿ ಬೇರೆ. ಅಟ್ಟದ ಮೇಲೆ ಪಾತ್ರಧಾರಿ ಹಾಡು ಎತ್ತಿಕೊಂಡರೆ ಹಿಮ್ಮೇಳ ಅದನ್ನು ಕೂಡಲೇ ಒಟ್ಟಾಗಿ ಎತ್ತಿ ಹಾಡುತ್ತದೆ. ಮದ್ದಳೆ, ತಾಳ, ಹಾರ್ಮೋನಿಯಂ ಜತೆಗಿರುತ್ತವೆ, ಕುಣಿತಕ್ಕೆ ಹಲಗೆ ದಡದಡ ಎನ್ನುತ್ತದೆ. ಇಲ್ಲಿ ಚಪ್ಪಾಳೆಯನ್ನು ತೆಗೆಯಲು ಹೊರಟ ಯಾವ ಯಂತ್ರಕ್ಕಾದರೂ ತಾಳದ ಪೆಟ್ಟು ಚಪ್ಪಾಳೆಯಂತೆಯೇ ಕಾಣುತ್ತದೆ. ಬಯಲಾಟದ ಮುದ್ರಣದಲ್ಲಿ ಚಪ್ಪಾಳೆ ತೆಗೆಯಲು ಹೋಗಿ ತಾಳವನ್ನೂ ಕಳೆದುಕೊಂಡರೆ ಆಟದ ಜೀವವೇ ಹೋದಂತೆ. ಆದ್ದರಿಂದ ಈ ಲೇಖನದಲ್ಲಿ ಮುಖ್ಯವಾಗಿ ಎತ್ತಿಕೊಂಡಿರುವುದು ನಾಟಕದ ರಂಗಗೀತೆಯನ್ನು. ಬಳ್ಳಾರಿಯ ಸುಭದ್ರಮ್ಮ ಮನ್ಸೂರು (1939–2020) ಹೆಸರು ಮಾಡಿದ್ದು ಈ ಬಗೆಯ ಹಾಡುಗಾರಿಕೆಯಲ್ಲಿ.

ಗದ್ದಲದ ಮೂರು ಬಗೆ

ಕಿವಿಗೆ ಒಂದೇ ಗದ್ದಲವಾಗಿ ಕೇಳಿಸುವುದು ನಿಜದಲ್ಲಿ ಮೂರು ಬೇರೆ ಬೇರೆ ಸದ್ದುಗಳು. ಮೂರಕ್ಕೂ ಒಂದೇ ಮದ್ದು ನಡೆಯುವುದಿಲ್ಲ.

ಒಂದು ಚಪ್ಪಾಳೆ ಕೆಲವೇ ಮಿಲಿಸೆಕೆಂಡು ಇರುವ ಸಿಡಿತ. ಅದರ ಶಕ್ತಿ ತಗ್ಗಿನ ಕಂಪನದಿಂದ ಮೇಲಿನ ಕಂಪನದವರೆಗೆ ಅಗಲವಾಗಿ ಹರಡಿಕೊಂಡಿರುತ್ತದೆ. ಅಂಗೈಗೆ ಅಂಗೈ ಕೂಡಿಸಿ ತಟ್ಟಿದರೆ ತಗ್ಗಿನ ಭಾಗ ಹೆಚ್ಚು, ಬೆರಳುಗಳನ್ನು ಅಂಗೈಗೆ ತಟ್ಟಿದರೆ ಮೇಲಿನ ಭಾಗ ಹೆಚ್ಚು ಎಂದು ಬ್ರೂನೊ ರೆಪ್ 1987ರಲ್ಲಿ ಅಳೆದು ತೋರಿಸಿದರು. ನೂರಾರು ಜನ ತಟ್ಟಿದಾಗ ಈ ಸಿಡಿತಗಳು ಒಂದರ ಮೇಲೊಂದು ಬಿದ್ದು ಮಳೆಯಂಥ ಭೋರ್ಗರೆತವಾಗುತ್ತದೆ. ಸ್ಪೆಕ್ಟ್ರೋಗ್ರಾಮ್, ಅಂದರೆ ಕಾಲವನ್ನು ಅಡ್ಡಕ್ಕೂ ಕಂಪನವನ್ನು ಉದ್ದಕ್ಕೂ ಇಟ್ಟು ಸದ್ದಿನ ಬಲವನ್ನು ಬಣ್ಣದಲ್ಲಿ ತೋರಿಸುವ ಚಿತ್ರದಲ್ಲಿ, ಬಿಡಿ ಚಪ್ಪಾಳೆ ನೆಟ್ಟಗೆ ನಿಂತ ಗೆರೆಯಾಗಿಯೂ ಒಟ್ಟು ಚಪ್ಪಾಳೆ ಮಸುಕು ಪರದೆಯಾಗಿಯೂ ಕಾಣುತ್ತದೆ.

ಸಿಳ್ಳೆ ಇದಕ್ಕೆ ಪೂರ್ತಿ ವಿರುದ್ಧ. ಅದು ಒಂದೇ ತೆಳುವಾದ ಗೆರೆ. ಬಾಯಲ್ಲಿ ಬೆರಳಿಟ್ಟು ಹೊಡೆದ ಸಿಳ್ಳೆ ಸಾಮಾನ್ಯವಾಗಿ 2ರಿಂದ 4 ಕಿಲೋಹರ್ಟ್ಸ್ ನಡುವೆ ಬಾಗುತ್ತ ಹೋಗುತ್ತದೆ. ಕಿವಿಗೆ ಚುಚ್ಚಿದರೂ ಅಷ್ಟು ಕಿರಿದಾದ ಜಾಗದಲ್ಲಿ ಇರುವುದರಿಂದ ತೆಗೆಯಲು ಮೂರರಲ್ಲಿ ಅತ್ಯಂತ ಸುಲಭವಾದದ್ದು ಇದೇ.

ಕೂಗು, ಕೇಕೆ, ‘ಹೋ’ ಎಂಬ ಒಕ್ಕೊರಲು ಇವೆಲ್ಲ ಮನುಷ್ಯರ ದನಿಗಳು. ಗಾಯಕಿಯ ದನಿಯೂ ಮನುಷ್ಯದನಿಯೇ ಆದ್ದರಿಂದ ಯಂತ್ರಕ್ಕೆ ಇವೆರಡನ್ನು ಬೇರೆ ಮಾಡಿ ತೋರಿಸುವ ಗುರುತು ಬಹಳ ಕಡಿಮೆ. ಈ ಕೆಲಸದ ನಿಜವಾದ ಎಲ್ಲೆ ಇರುವುದು ಇಲ್ಲಿಯೇ. ಜಗತ್ತಿಗೆ ಗೊತ್ತಿರುವ ಉದಾಹರಣೆ ಬೀಟಲ್ಸ್ ತಂಡದ್ದು. ಅಮೆರಿಕದ ಹಾಲಿವುಡ್ ಬೌಲ್ ಬಯಲುರಂಗದಲ್ಲಿ 1964 ಮತ್ತು 1965ರ ಆಗಸ್ಟ್‌ನಲ್ಲಿ ಅವರು ಹಾಡಿದ್ದನ್ನು ಮೂರು ಟ್ರ್ಯಾಕಿನ ಟೇಪಿನಲ್ಲಿ ಮುದ್ರಿಸಲಾಗಿತ್ತು. ಅಭಿಮಾನಿಗಳ ಕಿರುಚಾಟ ಎಷ್ಟಿತ್ತೆಂದರೆ ಆ ಟೇಪುಗಳನ್ನು ಆಲ್ಬಮ್ ಆಗಿ ಹೊರತರಲು 1977ರವರೆಗೆ ಕಾಯಬೇಕಾಯಿತು. ಲಂಡನ್ನಿನ ಆಬಿ ರೋಡ್ ಸ್ಟುಡಿಯೊದ ಜೇಮ್ಸ್ ಕ್ಲಾರ್ಕ್ ವಾದ್ಯ, ದನಿಗಳನ್ನು ಕಿರುಚಾಟದಿಂದ ಬೇರ್ಪಡಿಸುವ ವಿಧಾನವೊಂದನ್ನು ರೂಪಿಸಿದ ಮೇಲೆ 2016ರಲ್ಲಿ ಹೊಸ ಆವೃತ್ತಿ ಬಂತು. ಅದರಲ್ಲೂ ಕಿರುಚಾಟ ಇದೆ. ಹಿಂದಕ್ಕೆ ಸರಿದಿದೆ, ಅಷ್ಟೆ. ಅಷ್ಟು ದೊಡ್ಡ ಸ್ಟುಡಿಯೊ ಮಾಡಿದ ಕೆಲಸದಲ್ಲೂ ಗದ್ದಲ ಉಳಿದಿದೆ ಎಂಬುದನ್ನು ಮೊಬೈಲ್ ಮುದ್ರಣವನ್ನು ಕೈಗೆತ್ತಿಕೊಳ್ಳುವವರು ನೆನಪಿಡಬೇಕು.

ಹೆಣ್ಣುದನಿ ಏಕೆ ಸುಲಭ, ಗಂಡುದನಿ ಏಕೆ ಕಷ್ಟ

ಎಳೆದು ಹಾಡಿದ ಸ್ವರ ಒಂದೇ ಕಂಪನವಲ್ಲ. ಹಾರ್ಮೋನಿಯಂನ ಕಪ್ಪು ಒಂದರ ತಾರಷಡ್ಜದಲ್ಲಿ ಗಾಯಕಿ ನಿಂತಿದ್ದಾಳೆ ಎಂದುಕೊಂಡರೆ ಅದರ ಮೂಲಕಂಪನ ಸುಮಾರು 554 ಹರ್ಟ್ಸ್. ಅದರ ಜತೆಗೆ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು ಎಂದು 1108, 1662, 2216 ಹರ್ಟ್ಸ್‌ಗಳಲ್ಲಿ ಉಪಸ್ವರಗಳು ಇರುತ್ತವೆ. ಸ್ಪೆಕ್ಟ್ರೋಗ್ರಾಮಿನಲ್ಲಿ ಇವು ಏಣಿಯ ಮೆಟ್ಟಿಲುಗಳ ಹಾಗೆ ಸಮ ಅಂತರದಲ್ಲಿ ಮಲಗಿದ ಗೆರೆಗಳು. ಮೆಟ್ಟಿಲುಗಳ ನಡುವಿನ ಖಾಲಿ ಜಾಗದಲ್ಲಿ ಗಾಯಕಿಯ ದನಿ ಹೆಚ್ಚೇನೂ ಇಲ್ಲ, ಅಲ್ಲಿರುವುದು ಬಹುಪಾಲು ಚಪ್ಪಾಳೆ.

ಪ್ರತಿ ಗೆರೆಯ ಸುತ್ತ ಮೇಲೆ 60, ಕೆಳಗೆ 60 ಹರ್ಟ್ಸ್ ಬಿಟ್ಟು ಉಳಿದ ಜಾಗವನ್ನು ಅಳಿಸಿದರೆ 554ರಲ್ಲಿ 120 ಭಾಗ ಮಾತ್ರ ಉಳಿಯುತ್ತದೆ. ಚಪ್ಪಾಳೆಯ ಶಕ್ತಿ ಸಮನಾಗಿ ಹರಡಿದೆ ಎಂದು ಹಿಡಿದರೆ ಅದು ಐದರಲ್ಲಿ ಒಂದಕ್ಕಿಂತ ಸ್ವಲ್ಪ ಹೆಚ್ಚಿಗೆ ಇಳಿಯುತ್ತದೆ. ಇದು ಸುಮಾರು 6.6 ಡೆಸಿಬಲ್ ಇಳಿತ. ದನಿಗೆ ಏನೂ ಆಗದೆ ಇಷ್ಟು ಸಿಕ್ಕರೆ ಅದು ಕಿವಿಗೆ ಚೆನ್ನಾಗಿಯೇ ಗೊತ್ತಾಗುವ ಲಾಭ.

ಅದೇ ಲೆಕ್ಕವನ್ನು 138 ಹರ್ಟ್ಸ್‌ನಲ್ಲಿ ಹಾಡುವ ಭೀಮನ ಪಾತ್ರಧಾರಿಗೆ ಹಾಕಿದರೆ ಗೆರೆಗಳ ನಡುವಿನ ಅಂತರವೇ 138. ಅದರಲ್ಲಿ 120 ಉಳಿಸಿಕೊಂಡರೆ ಸಿಗುವ ಲಾಭ ಬರೀ 0.6 ಡೆಸಿಬಲ್, ಏನೂ ಮಾಡದಂತೆಯೇ. ಗೆರೆಯ ಸುತ್ತ 20 ಹರ್ಟ್ಸ್ ಮಾತ್ರ ಬಿಟ್ಟರೆ ಸುಮಾರು 5 ಡೆಸಿಬಲ್ ಸಿಕ್ಕೀತು, ಆದರೆ ಅಷ್ಟು ಇಕ್ಕಟ್ಟಾದ ಜಾಗದಲ್ಲಿ ಗಮಕ ಹಿಡಿಸುವುದಿಲ್ಲ. ಸ್ವರ ತೂಗಿದಾಗ ಗೆರೆ ಮೇಲೆ ಕೆಳಗೆ ಅಲೆಯಾಡುತ್ತದೆ, ಮೇಲಿನ ಉಪಸ್ವರಗಳಲ್ಲಂತೂ ಆ ಅಲೆ ಅಷ್ಟೇ ಪಟ್ಟು ದೊಡ್ಡದಾಗುತ್ತದೆ, ಇಕ್ಕಟ್ಟು ಪಟ್ಟಿಯಿಂದ ಹೊರಬಿದ್ದ ಭಾಗ ಕತ್ತರಿಸಿಹೋಗುತ್ತದೆ. ಕೇಳುವವರಿಗೆ ದನಿ ನೀರಿನೊಳಗಿಂದ ಬಂದಂತೆ ಗುಳುಗುಳು ಎನ್ನುತ್ತದೆ. ಒಂದೇ ನಾಟಕದ ಒಂದೇ ಮುದ್ರಣದಲ್ಲಿ ದ್ರೌಪದಿಯ ಹಾಡು ಚೆನ್ನಾಗಿ ಬಿಡಿಸಿಕೊಂಡು ಬಂದು ಭೀಮನ ಪದ್ಯ ಬಾರದೇ ಇರುವುದಕ್ಕೆ ಕಾರಣ ಇದು.

ಮಲಗಿದ ಗೆರೆಗಳನ್ನೂ ನಿಂತ ಗೆರೆಗಳನ್ನೂ ಬೇರೆ ಮಾಡುವ ಈ ಯೋಚನೆಯನ್ನೇ ಯಾಂತ್ರಿಕವಾಗಿ ಮಾಡುವ ಸರಳ ವಿಧಾನವನ್ನು ಡೆರಿ ಫಿಟ್ಜ್‌ಜೆರಾಲ್ಡ್ 2010ರಲ್ಲಿ ಪ್ರಕಟಿಸಿದರು. ಚಿತ್ರದ ಪ್ರತಿ ಬಿಂದುವಿನಲ್ಲಿ ಅಡ್ಡಕ್ಕೆ ಒಂದು ಮಧ್ಯಮ ಬೆಲೆ, ಉದ್ದಕ್ಕೆ ಒಂದು ಮಧ್ಯಮ ಬೆಲೆ ತೆಗೆದು, ಅಡ್ಡದ್ದು ಹೆಚ್ಚಿದ್ದರೆ ಸ್ವರ, ಉದ್ದದ್ದು ಹೆಚ್ಚಿದ್ದರೆ ಪೆಟ್ಟು ಎಂದು ತೀರ್ಮಾನಿಸುತ್ತದೆ. ಬಿಡಿಬಿಡಿ ಚಪ್ಪಾಳೆಗೆ ಇದು ಒಳ್ಳೆಯದು. ಭೋರ್ಗರೆತಕ್ಕೆ ಅರ್ಧ ಮಾತ್ರ ಕೆಲಸ ಮಾಡುತ್ತದೆ, ಏಕೆಂದರೆ ಮಸುಕು ಪರದೆ ಮಲಗಿಯೂ ಇಲ್ಲ, ನಿಂತೂ ಇಲ್ಲ. ವೇಗದ ತಾನುಗಳನ್ನು ಮಾತ್ರ ಇದು ಪೆಟ್ಟೆಂದು ತಿಳಿದು ಹರಿದುಹಾಕುತ್ತದೆ.

ವ್ಯಂಜನದ ಕಷ್ಟ

ಸ್ವರ ಉಳಿದರೆ ಸಾಕೆಂದುಕೊಂಡವರಿಗೆ ಮುಗಿದ ಕೆಲಸವನ್ನು ಕೇಳಿದಾಗ ರಾಗ ಸಿಗುತ್ತದೆ, ಮಾತು ಸಿಗುವುದಿಲ್ಲ. ಪ, ತ, ಟ, ಕ ಮುಂತಾದ ವ್ಯಂಜನಗಳು ಬಾಯೊಳಗೆ ಗಾಳಿ ಸಿಡಿದು ಹುಟ್ಟುವ ಸದ್ದುಗಳು. ಸ, ಶ ಗಾಳಿಯ ಉಜ್ಜುವಿಕೆಯ ಸದ್ದುಗಳು. ಅವುಗಳಿಗೆ ಏಣಿಯ ಮೆಟ್ಟಿಲುಗಳಿಲ್ಲ. ಆಕಾರದಲ್ಲಿ ಅವು ಚಪ್ಪಾಳೆಯ ಬಂಧುಗಳು. ಚಪ್ಪಾಳೆಯನ್ನು ಗುರುತಿಸಿ ಅಳಿಸುವ ಯಾವುದೇ ವಿಧಾನವಾದರೂ ಇವುಗಳನ್ನು ಜತೆಗೇ ಅಳಿಸುತ್ತದೆ. ರಂಗಗೀತೆಯ ಬಲ ಇರುವುದು ಮಾತಿನಲ್ಲಿ. ದ್ರೌಪದಿಯ ಸಿಟ್ಟಿನ ಮಾತಿನಲ್ಲಿ ವ್ಯಂಜನ ಮಾಯವಾದರೆ ಅದು ಸಂಗೀತವಾಗಿ ಉಳಿದೀತು, ನಾಟಕವಾಗಿ ಉಳಿಯದು.

ಹೀಗಾಗಿ ಸಂಸ್ಕರಣೆ ಗೆದ್ದಿತೇ ಎಂದು ತಿಳಿಯಲು ಗದ್ದಲ ಎಷ್ಟು ಇಳಿಯಿತು ಎಂಬ ಅಳತೆ ಸಾಲದು. ಆ ಹಾಡು ಗೊತ್ತಿಲ್ಲದ ಇಬ್ಬರಿಗೆ ಕೇಳಿಸಿ ಸಾಹಿತ್ಯವನ್ನು ಬರೆಸಬೇಕು. ಒಬ್ಬರಿಗೆ ಶುದ್ಧಗೊಳಿಸಿದ ಫೈಲು, ಇನ್ನೊಬ್ಬರಿಗೆ ಮೂಲ. ಮೂಲವನ್ನು ಕೇಳಿದವರಿಗೇ ಹೆಚ್ಚು ಮಾತು ಸರಿಯಾಗಿ ಬರೆಯಲು ಸಾಧ್ಯವಾದರೆ ಶುದ್ಧಗೊಳಿಸುವಿಕೆ ಹೆಚ್ಚಾಯಿತು ಎಂದರ್ಥ. ಇನ್ನೊಂದು ಪರೀಕ್ಷೆಯನ್ನು ಒಬ್ಬರೇ ಮಾಡಿಕೊಳ್ಳಬಹುದು. ಶುದ್ಧಗೊಳಿಸಿದ ಫೈಲನ್ನು ತಿರುವುಮುರುವು ಮಾಡಿ (ಆಡಾಸಿಟಿಯಲ್ಲಿ `Invert`) ಮೂಲದ ಜತೆ ಕೂಡಿಸಿದರೆ ಎರಡರಲ್ಲೂ ಇರುವುದು ರದ್ದಾಗಿ, ತೆಗೆದುಹಾಕಿದ ಭಾಗ ಮಾತ್ರ ಕೇಳಿಸುತ್ತದೆ. ಅದರಲ್ಲಿ ಬರೀ ಚಪ್ಪಾಳೆ ಕೇಳಿಸಿದರೆ ಸರಿ. ಹಾಡಿನ ಮಾತು ಪಿಸುಗುಟ್ಟಿದಂತೆ ಕೇಳಿಸಿದರೆ ಗಾಯಕಿಯನ್ನೂ ಕತ್ತರಿಸಿದ್ದೇವೆ.

ಒಂದು ತುಣುಕಿನ ಕೆಲಸ

ಈ ಭಾಗದ ಹಳ್ಳಿಗಳಲ್ಲಿ ಇಂದಿಗೂ ಬಹಳವಾಗಿ ಆಡುವ ನಾಟಕಗಳಲ್ಲಿ ಕಂದಗಲ್ಲ ಹನಮಂತರಾಯರ ‘ರಕ್ತರಾತ್ರಿ’ ಒಂದು. ಊರಿನ ಹವ್ಯಾಸಿಗಳು ಗಂಡು ಪಾತ್ರ ಮಾಡುತ್ತಾರೆ, ದ್ರೌಪದಿಗೆ ವೃತ್ತಿ ಕಲಾವಿದೆಯೊಬ್ಬರನ್ನು ಕರೆಸುತ್ತಾರೆ. ಕುರುಗೋಡು ತಾಲ್ಲೂಕಿನ ಒಂದು ಹಳ್ಳಿಯ ಪ್ರಯೋಗ, ಪ್ರೇಕ್ಷಕರ ನಡುವೆ ಸ್ಟ್ಯಾಂಡಿಗೆ ಕಟ್ಟಿದ ಒಂದು ಮೊಬೈಲಿನ ಮುದ್ರಣ, ಅದರಲ್ಲಿ ಒಂದು ಚರಣ ಎಂದು ಮಾದರಿಗೆ ಇಟ್ಟುಕೊಳ್ಳೋಣ. ಚರಣದ ಕೊನೆಯ ಅಕ್ಷರದ ಎಳೆತ 4 ಸೆಕೆಂಡು. ಎಳೆತ ಶುರುವಾದ ಒಂದು ಸೆಕೆಂಡಿಗೇ ಚಪ್ಪಾಳೆ, ನಡುವೆ ಎರಡು ಸಿಳ್ಳೆ, ಎಳೆತ ಮುಗಿದ ಮೇಲೂ 7 ಸೆಕೆಂಡು ಚಪ್ಪಾಳೆ, ಒನ್ಸ್ ಮೋರ್ ಕೂಗು, ಆಮೇಲೆ ಗಾಯಕಿ ಚರಣವನ್ನು ಮತ್ತೆ ಹಾಡುತ್ತಾಳೆ.

ಮೊದಲು ಬೇಕಾದದ್ದು ಮೊಬೈಲಿನಲ್ಲಿರುವ ಮೂಲ ಫೈಲು. ವಾಟ್ಸಾಪಿನಲ್ಲಿ ಬಂದದ್ದರಲ್ಲಿ ಮೇಲಿನ ಕಂಪನಗಳನ್ನು ಗಾತ್ರ ಇಳಿಸಲು ಆಗಲೇ ಹಿಂಡಿರುತ್ತಾರೆ, ಚಪ್ಪಾಳೆಯ ನಡುವೆ ಮೊದಲು ಕೆಡುವುದೂ ಆ ಭಾಗವೇ. ಮೂಲದ ಪ್ರತಿಯೊಂದನ್ನು 48 ಕಿಲೋಹರ್ಟ್ಸ್, 24 ಬಿಟ್‌ನ ವೇವ್ ಫೈಲಾಗಿ ಮಾಡಿಕೊಂಡು ಅದರ ಮೇಲೆ ಕೆಲಸ ಮಾಡಬೇಕು.

ಸುಲಭವಾದ ಭಾಗ ಎಳೆತದ ಆಚೆಗಿನ 7 ಸೆಕೆಂಡು. ಅಲ್ಲಿ ಹಾಡಿಲ್ಲ, ಹಾರ್ಮೋನಿಯಂ ಮಾತ್ರ ಇದೆ. ಮಟ್ಟವನ್ನು 12ರಿಂದ 15 ಡೆಸಿಬಲ್ ಇಳಿಸಿ, ಇಳಿಯುವಾಗಲೂ ಏರುವಾಗಲೂ ಅರ್ಧ ಸೆಕೆಂಡಿನಷ್ಟು ಇಳಿಜಾರು ಕೊಟ್ಟರೆ ಸಾಕು. ಪೂರ್ತಿ ಸೊನ್ನೆ ಮಾಡಬಾರದು. ಬಯಲಿನ ಗಾಳಿ, ಜನರೇಟರಿನ ಗುಂಯ್‌ಗುಡುವಿಕೆ ತಟ್ಟನೆ ನಿಂತು ಮತ್ತೆ ತಟ್ಟನೆ ಬಂದರೆ ಆ ರಂಧ್ರ ಚಪ್ಪಾಳೆಗಿಂತ ಹೆಚ್ಚು ಕಿರಿಕಿರಿ.

ಇಲ್ಲಿಯೇ ಮೊಬೈಲಿನ ಇನ್ನೊಂದು ಗುಣ ಎದುರಾಗುತ್ತದೆ. ಸದ್ದು ಜೋರಾದಾಗ ಮೊಬೈಲು ತಾನಾಗಿಯೇ ಮಟ್ಟವನ್ನು ಇಳಿಸಿಕೊಳ್ಳುತ್ತದೆ, ಸದ್ದು ನಿಂತ ಮೇಲೆ ನಿಧಾನವಾಗಿ ಏರಿಸುತ್ತದೆ. ಹಳೆಯ ಕ್ಯಾಸೆಟ್ ರೆಕಾರ್ಡರುಗಳಲ್ಲೂ ಇದು ಇತ್ತು. ಚಪ್ಪಾಳೆ ಮುಗಿದ ಕೂಡಲೇ ಗಾಯಕಿ ದೂರ ಹೋಗಿ ನಿಂತು ಎರಡು ಮೂರು ಸೆಕೆಂಡಿನಲ್ಲಿ ಹತ್ತಿರ ಬಂದಂತೆ ಕೇಳಿಸಿದರೆ ಅದು ಇದರ ಗುರುತು. ಹಿನ್ನೆಲೆಯ ಹಾರ್ಮೋನಿಯಂ ಶ್ರುತಿಯನ್ನು ಅಳತೆಗೋಲಾಗಿ ಇಟ್ಟುಕೊಂಡು, ಅದು ಉದ್ದಕ್ಕೂ ಒಂದೇ ಮಟ್ಟದಲ್ಲಿ ಕೇಳುವ ಹಾಗೆ ಕೈಯಿಂದ ಏರುಗೆರೆ ಎಳೆದರೆ ದನಿ ತನ್ನ ಜಾಗಕ್ಕೆ ಬರುತ್ತದೆ. ಇದನ್ನು ಮೊದಲೇ ಮಾಡಿಕೊಳ್ಳದಿದ್ದರೆ ಮುಂದಿನ ಲೆಕ್ಕಗಳೆಲ್ಲ ತಪ್ಪುತ್ತವೆ.

ನಂತರ ಸಿಳ್ಳೆ. ಸ್ಪೆಕ್ಟ್ರೋಗ್ರಾಮಿನ ಕಿಟಕಿಯನ್ನು 4096ಕ್ಕೆ ಇಟ್ಟರೆ ಅದು 48 ಕಿಲೋಹರ್ಟ್ಸ್‌ನಲ್ಲಿ 85 ಮಿಲಿಸೆಕೆಂಡು, ಕಂಪನಗಳು ಸುಮಾರು 12 ಹರ್ಟ್ಸ್ ಸೂಕ್ಷ್ಮತೆಯಲ್ಲಿ ಕಾಣುತ್ತವೆ. ಏಣಿಯ ಅಳತೆಗೆ ಸೇರದೆ ಓರೆಯಾಗಿ ಏರುವ ಒಂಟಿ ಗೆರೆಯೇ ಸಿಳ್ಳೆ. ಅದನ್ನಷ್ಟೇ ಆಯ್ದು 20 ಡೆಸಿಬಲ್ ಇಳಿಸಬೇಕು. ಅದು ಗಾಯಕಿಯ ಮೂಲಕಂಪನದ ಐದರಷ್ಟಿರುವ ಉಪಸ್ವರವನ್ನು, ಅಂದರೆ 2770 ಹರ್ಟ್ಸ್ ಗೆರೆಯನ್ನು ದಾಟುವ ಕ್ಷಣದಲ್ಲಿ ಆಯ್ಕೆಯನ್ನು ಬಿಟ್ಟುಬಿಡಬೇಕು.

ಉಳಿದದ್ದು ಎಳೆತದ ಮೇಲೆ ಬಿದ್ದ 3 ಸೆಕೆಂಡು ಚಪ್ಪಾಳೆ. ಇಲ್ಲಿ ಅನೇಕರು ಗದ್ದಲದ ಮಾದರಿ ಕೊಟ್ಟು ಅದನ್ನು ಎಲ್ಲೆಡೆಯಿಂದ ಕಳೆಯುವ ‘ನಾಯ್ಸ್ ರಿಡಕ್ಷನ್’ ಬಳಸುತ್ತಾರೆ. ಈ ಬಗೆಯ ವ್ಯವಕಲನ 1979ರಲ್ಲಿ ಸ್ಟೀವನ್ ಬೋಲ್ ವಿವರಿಸಿದ ವಿಧಾನದಿಂದ ಬಂದದ್ದು. ಫ್ಯಾನಿನ ಸದ್ದು, ಕ್ಯಾಸೆಟ್ಟಿನ ಹಿಸ್ ಹೀಗೆ ಒಂದೇ ಸಮನೆ ಇರುವ ಗದ್ದಲಕ್ಕೆ ಅದು ಸರಿ. ಚಪ್ಪಾಳೆ ಕ್ಷಣಕ್ಷಣಕ್ಕೂ ಬದಲಾಗುತ್ತದೆ. ಒಂದು ಸೆಕೆಂಡಿನಿಂದ ತೆಗೆದ ಮಾದರಿ ಮುಂದಿನ ಸೆಕೆಂಡಿಗೆ ಹೊಂದುವುದಿಲ್ಲ, ಕಳೆದುಳಿದ ಚೂರುಗಳು ಕಿಣಿಕಿಣಿ ಎಂದು ಮಿನುಗುತ್ತವೆ. ಇದಕ್ಕೆ ಬದಲು ಹಿಂದೆ ಹೇಳಿದ ಏಣಿಯ ವಿಧಾನದಲ್ಲಿ ಮೆಟ್ಟಿಲುಗಳ ನಡುವನ್ನು 10 ಡೆಸಿಬಲ್‌ನಷ್ಟು ಮಾತ್ರ ಇಳಿಸಿ ಉಳಿದದ್ದನ್ನು ಹಾಗೇ ಬಿಡುವುದು ಮೇಲು.

ದನಿ ಬೇರ್ಪಡಿಸುವ ತಂತ್ರಾಂಶಗಳು ಈಗ ಎಲ್ಲರ ಕೈಗೆ ಸಿಗುತ್ತವೆ. ನೂರಾರು ಹಾಡುಗಳಿಂದ ಕಲಿತು ದನಿಯನ್ನೂ ವಾದ್ಯವನ್ನೂ ಬಿಡಿಸುವ ಡೆಮಕ್ಸ್ ಅಂಥದ್ದು.

```
demucs --two-stems=vocals charana.wav
```

ಇದು `vocals.wav`, `no_vocals.wav` ಎಂಬ ಎರಡು ಫೈಲುಗಳನ್ನು ಕೊಡುತ್ತದೆ. ಚಪ್ಪಾಳೆ ಬಹುಮಟ್ಟಿಗೆ ಎರಡನೆಯದಕ್ಕೆ ಹೋಗುತ್ತದೆ, ಕೈಯಿಂದ ಮಾಡುವುದಕ್ಕಿಂತ ಎಷ್ಟೋ ಚೆನ್ನಾಗಿ. ಆದರೆ ಜನರ ‘ಹೋ’ ಮನುಷ್ಯದನಿಯಾದ್ದರಿಂದ ಗಾಯಕಿಯ ಜತೆಗೇ ಉಳಿಯುತ್ತದೆ. ದನಿಗೆ ಅಂಟಿಕೊಂಡೇ ಸಾಗುವ ಹಾರ್ಮೋನಿಯಂ ಚೂರುಚೂರಾಗಿ ಎರಡೂ ಕಡೆ ಹಂಚಿಹೋಗಬಹುದು. ಬೇರ್ಪಟ್ಟ ದನಿಯನ್ನೇ ಅಂತಿಮವೆಂದು ತೆಗೆದುಕೊಳ್ಳದೆ, ಮೂಲವನ್ನು ಕೆಳಮಟ್ಟದಲ್ಲಿ ಅದರಡಿ ಸೇರಿಸಿಟ್ಟರೆ ಕಳೆದುಹೋದ ವ್ಯಂಜನಗಳೂ ಹಾರ್ಮೋನಿಯಂ ಕೂಡ ಹಿಂತಿರುಗುತ್ತವೆ, ಜತೆಗೆ ಸ್ವಲ್ಪ ಚಪ್ಪಾಳೆಯೂ. ಆ ಹದವನ್ನು ಕಿವಿಯೇ ನಿರ್ಧರಿಸಬೇಕು.

ಒನ್ಸ್ ಮೋರ್ ಕೊಟ್ಟ ಎರಡನೆಯ ಪ್ರತಿ

ಈ ಪ್ರದೇಶದ ಮುದ್ರಣಗಳಲ್ಲಿ ಬೇರೆಡೆ ಸುಲಭವಾಗಿ ಸಿಗದ ಒಂದು ಅನುಕೂಲವಿದೆ. ಜನ ಒನ್ಸ್ ಮೋರ್ ಕೇಳಿದ್ದರಿಂದಲೇ ಹಾಡು ಹಾಳಾಯಿತು ಎಂದು ಮೇಲ್ನೋಟಕ್ಕೆ ಅನಿಸುತ್ತದೆ. ಆದರೆ ಅದೇ ಕೂಗಿನಿಂದಾಗಿ ಅದೇ ರಾತ್ರಿ, ಅದೇ ಶ್ರುತಿಯಲ್ಲಿ, ಅದೇ ಮೈಕಿನ ಮುಂದೆ ಅದೇ ಚರಣ ಎರಡನೆಯ ಸಲ ಮುದ್ರಣವಾಗಿರುತ್ತದೆ. ಮರುಹಾಡಿನಲ್ಲಿ ಚಪ್ಪಾಳೆ ಬೇರೆ ಜಾಗಕ್ಕೆ ಬೀಳುವುದುಂಟು. ಮೊದಲ ಸಲ ಮುಚ್ಚಿಹೋದ ಅಕ್ಷರ ಎರಡನೆಯ ಸಲ ತೆರೆದಿರಬಹುದು. ಹಾರ್ಮೋನಿಯಂ ಶ್ರುತಿ ಸ್ಥಿರವಾಗಿರುವುದರಿಂದ ಎರಡೂ ಹಾಡುಗಳ ಸ್ವರಸ್ಥಾನ ಹೊಂದುತ್ತದೆ.

ಮುಚ್ಚಿಹೋದ ವ್ಯಂಜನವನ್ನು ಮರುಹಾಡಿನಿಂದ ತಂದು ಕೂಡಿಸುವಾಗ ಬೆಸುಗೆಯನ್ನು ವ್ಯಂಜನದ ಮುನ್ನಿನ ಸಣ್ಣ ತಡೆಯಲ್ಲಿ, ಅಂದರೆ ಗಾಳಿ ಸಿಡಿಯುವ ಮೊದಲು ಬಾಯಿ ಮುಚ್ಚಿರುವ ಕ್ಷಣದಲ್ಲಿ ಹಾಕಬೇಕು. 10ರಿಂದ 30 ಮಿಲಿಸೆಕೆಂಡಿನ ಹೊಂದಾಣಿಕೆ ಸಾಕು. ಎಳೆತದ ನಡುವೆ ಬೆಸುಗೆ ಹಾಕಿದರೆ ಸ್ವರ ಮುಕ್ಕಾದದ್ದು ಗೊತ್ತಾಗಿಬಿಡುತ್ತದೆ.

ಮರುಹಾಡು ಪಡಿಯಚ್ಚಲ್ಲ. ಒಳ್ಳೆಯ ಗಾಯಕಿ ಎರಡನೆಯ ಸಲ ಸಂಗತಿ ಬದಲಿಸುತ್ತಾಳೆ, ಜನರ ಹುರುಪಿಗೆ ಲಯ ಸ್ವಲ್ಪ ಏರಿರುತ್ತದೆ. ಅಕ್ಷರದ ಮಟ್ಟಿಗೆ ತಂದು ಕೂಡಿಸುವುದು ರಿಪೇರಿ. ಇಡೀ ಸಾಲನ್ನು ತಂದು ಕೂಡಿಸಿದರೆ ಅದು ಎಂದೂ ನಡೆಯದ ಒಂದು ಹಾಡನ್ನು ಕಟ್ಟಿದಂತೆ. ಹಾಗೆ ಮಾಡಿದ್ದರೆ ಫೈಲಿನ ಜತೆ ಬರೆದಿಡಲೇಬೇಕು. ದರೋಜಿ ಈರಮ್ಮನವರಂಥ (ನಿಧನ 2014) ಬುರ್ರಕಥೆಯ ಹಾಡುಗಾರ್ತಿಯರ ಮುದ್ರಣಗಳಲ್ಲಿ ಈ ಎಚ್ಚರ ಇನ್ನೂ ಹೆಚ್ಚು ಬೇಕು. ಕಥನಗೀತೆಯಲ್ಲಿ ಒಂದೇ ಸಾಲು ಮರಳಿ ಬಂದಾಗ ಒಂದು ಪದ ಬದಲಾಗಿದ್ದರೆ ಅದು ಕಥೆಯ ಪಾಠಭೇದವೇ ಆಗಿರಬಹುದು.

ಮುದ್ರಿಸುವಾಗಲೇ

ಮೇಲಿನ ಎಲ್ಲ ಶ್ರಮಕ್ಕಿಂತ ಹೆಚ್ಚು ಫಲ ಕೊಡುವುದು ಮೈಕ್‌ಸೆಟ್‌ನವರ ಮಿಕ್ಸರಿನಿಂದ ನೇರವಾಗಿ ಒಂದು ಲೈನ್ ತೆಗೆದುಕೊಳ್ಳುವುದು. ಬಾಯಿಯಿಂದ 15 ಸೆಂಟಿಮೀಟರಿನಲ್ಲಿ ಇರುವ ಮೈಕಿಗೆ ಗಾಯಕಿಗಿಂತ 6 ಮೀಟರ್ ಆಚೆಯ ಪ್ರೇಕ್ಷಕ 40 ಪಟ್ಟು ದೂರ. ದೂರವೊಂದನ್ನೇ ಲೆಕ್ಕಕ್ಕೆ ಹಿಡಿದರೆ ಅವನ ಚಪ್ಪಾಳೆ 32 ಡೆಸಿಬಲ್ ಇಳಿದು ಬರುತ್ತದೆ. ಯಾವ ತಂತ್ರಾಂಶವೂ ದನಿಗೆ ನೋವಾಗದಂತೆ ಇಷ್ಟು ಕೊಡಲಾರದು. ಹಳ್ಳಿಯ ರಂಗದಲ್ಲಿ ಮೈಕನ್ನು ವೇದಿಕೆಯ ಮುಂದೆ ನಿಲ್ಲಿಸುವುದೂ ಮೇಲಿಂದ ತೂಗಿಬಿಡುವುದೂ ಇದೆ. ಆಗ ಗಾಯಕಿ ಒಂದು ಮೀಟರ್ ದೂರದಲ್ಲಿರುತ್ತಾಳೆ, ಅದೇ ಲೆಕ್ಕ 16 ಡೆಸಿಬಲ್‌ಗೆ ಇಳಿಯುತ್ತದೆ. ಮೈಕಿನ ಬೆನ್ನು ಪ್ರೇಕ್ಷಕರ ಕಡೆಗಿದ್ದರೆ ಇನ್ನಷ್ಟು ಲಾಭವಿದೆ.

ಲೈನಿನ ಮುದ್ರಣ ಒಣಗಿದಂತೆ ಕೇಳುತ್ತದೆ, ಹಾರ್ಮೋನಿಯಂಗೆ ಬೇರೆ ಮೈಕ್ ಇಲ್ಲದಿದ್ದರೆ ಅದೂ ಸಣ್ಣದಾಗುತ್ತದೆ. ಆದ್ದರಿಂದ ಪ್ರೇಕ್ಷಕರ ನಡುವಿನ ಮೊಬೈಲನ್ನು ಬಿಡದೆ ಎರಡನ್ನೂ ಮುದ್ರಿಸಿ ಆಮೇಲೆ ಕೂಡಿಸುವುದು ಒಳ್ಳೆಯದು. ಬೇಸಿಗೆಯ ರಾತ್ರಿ 30 ಡಿಗ್ರಿ ಇದ್ದಾಗ ಸದ್ದು ಸೆಕೆಂಡಿಗೆ ಸುಮಾರು 349 ಮೀಟರ್ ಸಾಗುತ್ತದೆ. ಸ್ಪೀಕರಿನಿಂದ 35 ಮೀಟರ್ ದೂರದ ಮೊಬೈಲಿಗೆ ದನಿ ಸೆಕೆಂಡಿನ ಹತ್ತನೆಯ ಒಂದು ಭಾಗದಷ್ಟು ತಡವಾಗಿ ತಲುಪುತ್ತದೆ. ಮೊಬೈಲಿನ ಮುದ್ರಣವನ್ನು ಅಷ್ಟು ಹಿಂದಕ್ಕೆ ಜರುಗಿಸದೆ ಕೂಡಿಸಿದರೆ ಪ್ರತಿ ಮಾತೂ ಎರಡೆರಡು ಸಲ ಕೇಳಿಸುತ್ತದೆ. ನಾಟಕ ಶುರುವಾಗುವ ಮೊದಲು ಮೈಕಿನ ಮುಂದೆ ಒಂದು ಸಲ ಗಟ್ಟಿಯಾಗಿ ಕೈ ತಟ್ಟಿದರೆ ಎರಡೂ ಮುದ್ರಣಗಳಲ್ಲಿ ಆ ಪೆಟ್ಟು ಗುರುತಾಗಿ ಉಳಿಯುತ್ತದೆ. ಆಯೇರಿ ಕೂಗುವವರ ಮೈಕನ್ನು ಗಾಯಕಿಯ ಮೈಕಿನಿಂದ ಬೇರೆ ಚಾನೆಲ್‌ನಲ್ಲಿ ಇರಿಸಿ, ಮುದ್ರಣದ ಲೈನಿಗೆ ಅದನ್ನು ಕಳಿಸದಿರುವಂತೆ ಮೊದಲೇ ಕೇಳಿಕೊಂಡರೆ ತೆಗೆಯಲಾಗದ ಗದ್ದಲವೊಂದು ಸೇರುವುದೇ ತಪ್ಪುತ್ತದೆ.

ಮೂಲದ ರಕ್ಷಣೆ

ಧ್ವನಿ ಸಂಗ್ರಹಾಲಯಗಳ ಅಂತರರಾಷ್ಟ್ರೀಯ ಸಂಘ ಐಎಎಸ್‌ಎ ತನ್ನ ಟಿಸಿ-04 ಮಾರ್ಗಸೂಚಿಯಲ್ಲಿ ಹಳೆಯ ಮುದ್ರಣಗಳನ್ನು ಡಿಜಿಟಲ್ ಮಾಡುವಾಗ ಕನಿಷ್ಠ 48 ಕಿಲೋಹರ್ಟ್ಸ್, 24 ಬಿಟ್ ಇರಬೇಕೆಂದೂ, ಸಂಗ್ರಹದ ಪ್ರತಿಯಲ್ಲಿ ಇಷ್ಟಾನಿಷ್ಟದ ತಿದ್ದುಪಡಿ ಕೂಡದೆಂದೂ ಹೇಳುತ್ತದೆ. ಚಪ್ಪಾಳೆ ತೆಗೆದ ಪ್ರತಿ ಕೇಳುವುದಕ್ಕೆ, ಚಪ್ಪಾಳೆ ಇರುವ ಪ್ರತಿ ಇಡುವುದಕ್ಕೆ. ಬಳ್ಳಾರಿ ಸೀಮೆಯ ರಂಗಭೂಮಿಯ ಚರಿತ್ರೆ ಬರೆಯುವವರಿಗೆ ಜನ ಯಾವ ಮಾತಿಗೆ ಚಪ್ಪಾಳೆ ತಟ್ಟಿದರು, ಎಷ್ಟು ಸಲ ಒನ್ಸ್ ಮೋರ್ ಕೇಳಿದರು, ಯಾರು ಆಯೇರಿ ಮಾಡಿದರು ಎಂಬುದು ಬೇಕಾದ ಸಾಕ್ಷಿ. ಗಾಯಕಿಯ ದನಿಗಾಗಿ ಅದನ್ನು ಅಳಿಸುವುದು ಸರಿಯಲ್ಲ. ಬೇರ್ಪಡಿಸುವ ವಿಧಾನಗಳೂ ವರ್ಷದಿಂದ ವರ್ಷಕ್ಕೆ ಸುಧಾರಿಸುತ್ತಿವೆ. ಇಂದು ಬಿಡಿಸಲಾಗದ ಚರಣ ಹತ್ತು ವರ್ಷದ ಮೇಲೆ ಬಿಡಿಸಿಕೊಂಡು ಬರಬಹುದು, ಮೂಲ ಉಳಿದಿದ್ದರೆ ಮಾತ್ರ.

ಮನೆಯಲ್ಲಿ ಅಜ್ಜ, ಅಜ್ಜಿ, ಅಪ್ಪ ಅಭಿನಯಿಸಿದ ನಾಟಕಗಳ ಕ್ಯಾಸೆಟ್ಟು ಇಟ್ಟುಕೊಂಡಿರುವವರು ಅವನ್ನು ಎಸೆಯದೆ, ತಂಪಾದ ಒಣ ಜಾಗದಲ್ಲಿ, ಸ್ಪೀಕರು ಮೋಟಾರುಗಳ ಅಯಸ್ಕಾಂತದಿಂದ ದೂರ ಇಡಬೇಕು. ಊರು, ಇಸವಿ, ನಾಟಕ, ಹಾಡಿದವರ ಹೆಸರನ್ನು ಈಗಲೇ ಚೀಟಿಯಲ್ಲಿ ಬರೆದು ಒಳಗಿಡಬೇಕು. ದನಿಯನ್ನು ಮುಂದೆ ಯಾರಾದರೂ ಬಿಡಿಸಿಯಾರು, ಆದರೆ ಅದು ಯಾರ ದನಿ ಎಂಬುದನ್ನು ಬಲ್ಲವರು ಇವತ್ತು ಇರುವವರು ಮಾತ್ರ.